ರಿವ್ಯೂ ಕತ್ತರಿಸುವಾಗ ಸತ್ಯ ಉಳಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವೆಬ್‌ಸೈಟಿಗೆ ಬರುವ ಗ್ರಾಹಕರ ರಿವ್ಯೂಗಳನ್ನು ಚಿಕ್ಕದು ಮಾಡುವವರು, ತಮ್ಮದೇ ರಿವ್ಯೂವನ್ನು ಹಾಕುವ ಮುನ್ನ ತಿದ್ದುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕತ್ತರಿಸಿದ ಮೇಲೂ ಒಳ್ಳೆಯದು, ಕೆಟ್ಟದ್ದು ಎರಡೂ ಉಳಿಯಬೇಕು ಎಂಬುದೇ ಎಲ್ಲ ಉತ್ತರಗಳ ತಿರುಳು. ಉದಾಹರಣೆಗೆ ಉದ್ದಕ್ಕೂ ಒಂದೇ ವಸ್ತುವನ್ನು ಇಟ್ಟುಕೊಂಡಿದ್ದೇವೆ: ಇಡ್ಲಿ, ದೋಸೆ ಹಿಟ್ಟು ರುಬ್ಬುವ 2 ಲೀಟರ್ ಟೇಬಲ್‌ಟಾಪ್ ಗ್ರೈಂಡರ್. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ.

## ಶುರು ಮಾಡುವಾಗ

ರಿವ್ಯೂ ಉದ್ದ ಇದೆ, ಅರ್ಧಕ್ಕೆ ಇಳಿಸಬೇಕು. ಮೊದಲು ಎಲ್ಲಿ ಕತ್ತರಿ ಹಾಕಲಿ?

ಮೊದಲು ಎಲ್ಲಿಯೂ ಹಾಕಬೇಡಿ. ವಾಕ್ಯ ನೋಡುತ್ತಾ ಕತ್ತರಿಸಲು ಹೊರಟರೆ ಉದ್ದ ಕಂಡದ್ದೆಲ್ಲ ಹೋಗಿ, ಚುಟುಕಾಗಿ ಇದ್ದದ್ದೆಲ್ಲ ಉಳಿಯುತ್ತದೆ. ಜನ ಹೊಗಳುವುದು ಚುಟುಕಾಗಿ, ದೂರುವುದು ವಿವರವಾಗಿ. ಹಾಗಾಗಿ ಉದ್ದ ನೋಡಿ ಕತ್ತರಿಸಿದವರ ಕೈಯಲ್ಲಿ ಸಾಮಾನ್ಯವಾಗಿ ದೂರುಗಳೇ ಸಾಯುತ್ತವೆ, ಅದು ಅವರ ಉದ್ದೇಶವಲ್ಲದಿದ್ದರೂ.

ಪೂರ್ತಿ ರಿವ್ಯೂವನ್ನು ಒಮ್ಮೆ ಓದಿ, ಅದರಲ್ಲಿರುವ ಪ್ರತಿ ಸಂಗತಿಗೂ ಪಕ್ಕದಲ್ಲಿ ಒಂದು ನಂಬರ್ ಬರೆಯಿರಿ. ಸಂಗತಿ ಎಂದರೆ ವಸ್ತು ಏನು ಮಾಡಿತು ಅಥವಾ ಮಾಡಲಿಲ್ಲ ಎಂದು ಹೇಳುವ ಮಾತು. ನಂಬರಿನ ಪಕ್ಕದಲ್ಲಿ ಒಳ್ಳೆಯದಾದರೆ ಕೂಡಿಸುವ ಗುರುತು, ಕೆಟ್ಟದ್ದಾದರೆ ಕಳೆಯುವ ಗುರುತು ಹಾಕಿ. ಆಮೇಲೆ ಇನ್ನೊಂದು ಸುತ್ತು: ಇದನ್ನು ಬರೆದವರು ಸ್ವತಃ ಕಂಡದ್ದೋ, ಬಾಕ್ಸಿನ ಮೇಲಿಂದ ಓದಿದ್ದೋ, ಬೇರೆಯವರು ಹೇಳಿದ್ದೋ ಎಂದು ಗುರುತು ಮಾಡಿ. ಸ್ವತಃ ಕಂಡದ್ದಷ್ಟೇ ರಿವ್ಯೂವಿನ ತಿರುಳು. ಕೆಲಸ ಮುಗಿದ ಮೇಲೆ ಈ ನಂಬರುಗಳನ್ನೇ ಇಟ್ಟುಕೊಂಡು ಏನೂ ಬಿಟ್ಟುಹೋಗಿಲ್ಲವೆಂದು ನೋಡಬಹುದು, ಆದ್ದರಿಂದ ಆ ಹಾಳೆಯನ್ನು ಎಸೆಯಬೇಡಿ.

ಕೊನೆಗೆ ಎಷ್ಟು ಪದ ಇದ್ದರೆ ಸರಿ?

ಪದಗಳ ಲೆಕ್ಕದಿಂದ ಹೊರಡುವುದಕ್ಕಿಂತ ಸಂಗತಿಗಳ ಲೆಕ್ಕದಿಂದ ಹೊರಡಿ. ಒಂದು ಸಂಗತಿಯನ್ನು ಅದರ ಅಳತೆ, ಸಂದರ್ಭ ಸಮೇತ ಹೇಳಲು ಕನ್ನಡದಲ್ಲಿ ಎಂಟರಿಂದ ಹದಿನೈದು ಪದ ಬೇಕಾಗುತ್ತದೆ. ಅಡುಗೆಮನೆಯ ಒಂದು ಯಂತ್ರಕ್ಕೆ ಐದಾರು ನಿಜವಾದ ಸಂಗತಿಗಳಿದ್ದರೆ ಹೆಚ್ಚು. ಹೀಗಾಗಿ 60ರಿಂದ 80 ಪದದಲ್ಲಿ ಕೆಲಸ ಆಗುತ್ತದೆ. ಸೈಟಿನವರು 40 ಪದಕ್ಕೇ ನಿಲ್ಲಿಸಿ ಎಂದರೆ ಪ್ರತಿ ವಾಕ್ಯವನ್ನೂ ಹಿಂಡುವುದಕ್ಕಿಂತ ಕಡಿಮೆ ತೂಕದ ಒಂದು ಒಳ್ಳೆಯದನ್ನೂ ಒಂದು ಕೆಟ್ಟದ್ದನ್ನೂ ಪೂರ್ತಿ ಬಿಡುವುದು ವಾಸಿ.

ಯೋಚನೆಯೇ ಮಾಡದೆ ತೆಗೆಯಬಹುದಾದದ್ದು ಯಾವುದು?

ಬಾಕ್ಸಿನ ಮೇಲಿನ ವಿವರ. ಎಷ್ಟು ವ್ಯಾಟ್, ಎಷ್ಟು ಗುಂಡು, ವಾರಂಟಿ ಎಷ್ಟು ವರ್ಷ ಎಂಬುದೆಲ್ಲ ಅದೇ ಪುಟದಲ್ಲಿ ಮೇಲೆಯೇ ಇರುತ್ತದೆ. ಕೊಳ್ಳುವ ಮುಂಚಿನ ಕಥೆ, ಪ್ಯಾಕಿಂಗ್ ಚೆಂದ, ಹಬ್ಬಕ್ಕೆ ತಗೊಂಡದ್ದು, ಮನೆಯವರಿಗೆಲ್ಲ ಖುಷಿ ಆದದ್ದು, ಇವೂ ಹೋಗಲಿ.

ಒಂದು ವಿನಾಯಿತಿ ಇದೆ. ಬಾಕ್ಸಿನ ಮೇಲಿನ ಮಾತು ಸುಳ್ಳು ಎಂದು ಬರೆದವರು ಕಂಡುಕೊಂಡಿದ್ದರೆ ಅದು ಬಾಕ್ಸಿನ ವಿವರವಲ್ಲ, ಸ್ವಂತ ಅನುಭವ. ‘2 ಲೀಟರ್ ಅಂತಾರೆ, ಅಷ್ಟು ತುಂಬಿದರೆ ಅಂಚಿನಿಂದ ಹಿಟ್ಟು ಚೆಲ್ಲುತ್ತೆ’ ಎಂಬ ವಾಕ್ಯ ಇಡೀ ರಿವ್ಯೂವಿನಲ್ಲೇ ಬೆಲೆಬಾಳುವಂಥದ್ದು.

## ಕತ್ತರಿಸುವಾಗ

ಒಂದು ರಿವ್ಯೂವನ್ನು ಪೂರ್ತಿ ಕತ್ತರಿಸಿ ತೋರಿಸ್ತೀರಾ?

ತೋರಿಸೋಣ. ಇಂಥ ರಿವ್ಯೂಗಳು ಸಾಮಾನ್ಯವಾಗಿ ಹೇಗೆ ಬರುತ್ತವೋ ಹಾಗೆಯೇ ಮಾಡಿಕೊಂಡ, ಸುಮಾರು 120 ಪದಗಳ ಮಾದರಿ ಇದು:

> ನಮ್ಮ ಮನೆಯಲ್ಲಿ ಇಡ್ಲಿ ದೋಸೆ ಅಂದ್ರೆ ಎಲ್ಲರಿಗೂ ಪ್ರಾಣ. ಹಳೇ ಗ್ರೈಂಡರ್ ಕೈಕೊಟ್ಟ ಮೇಲೆ ತುಂಬಾ ಯೋಚನೆ ಮಾಡಿ, ಹತ್ತಾರು ವಿಡಿಯೊ ನೋಡಿ ಈ 2 ಲೀಟರ್ ಟೇಬಲ್‌ಟಾಪ್ ಗ್ರೈಂಡರ್ ತಗೊಂಡ್ವಿ. ಬಾಕ್ಸ್ ತುಂಬಾ ಚೆನ್ನಾಗಿ ಪ್ಯಾಕ್ ಆಗಿತ್ತು. 150 ವ್ಯಾಟ್ ಮೋಟರ್, ಸ್ಟೀಲ್ ಡ್ರಮ್, ಮೂರು ಗುಂಡು, ಕಾಯಿ ತುರಿಯೋದು, ಚಪಾತಿ ಹಿಟ್ಟು ಕಲಸೋದು ಎಲ್ಲಾ ಕೊಟ್ಟಿದ್ದಾರೆ. ಉದ್ದು ಸೂಪರ್ ಆಗಿ ರುಬ್ಬುತ್ತೆ, ಒಂದು ಲೋಟಕ್ಕೆ ಅರ್ಧ ಗಂಟೆ ಸಾಕು, ಹತ್ತಿ ಥರ ಉಬ್ಬುತ್ತೆ. ಹಿಟ್ಟು ಬಿಸಿನೂ ಆಗಲ್ಲ. ಸದ್ದು ಮಿಕ್ಸಿಯಷ್ಟಿಲ್ಲ, ಪಕ್ಕದಲ್ಲೇ ನಿಂತು ಫೋನಲ್ಲಿ ಮಾತಾಡಬಹುದು. ನಾಲ್ಕು ಲೋಟ ಅಕ್ಕಿ ಒಟ್ಟಿಗೆ ಹಾಕಿದ್ರೆ ಮಾತ್ರ ಡ್ರಮ್ ನಿಂತೇ ಹೋಗುತ್ತೆ, ರಬ್ಬರ್ ಸುಟ್ಟ ವಾಸನೆ ಬರುತ್ತೆ. ಮೂರು ಲೋಟಕ್ಕೆ ಏನೂ ತೊಂದರೆ ಇಲ್ಲ. ಗುಂಡು ತೆಗೆದ ಮೇಲೂ ಡ್ರಮ್ ಭಾರ, ನಮ್ಮಮ್ಮನಿಗೆ ಎತ್ತೋಕಾಗಲ್ಲ. ಕಾಯಿ ತುರಿಯೋದನ್ನ ಒಂದೇ ಸಲ ಬಳಸಿ ಪಕ್ಕಕ್ಕಿಟ್ಟಿದ್ದೀವಿ. ನಮ್ಮ ಅತ್ತಿಗೆ ಮನೇಲಿ ಇದೇ ಕಂಪನಿ ಮಿಕ್ಸಿ ಆರೇ ತಿಂಗಳಿಗೆ ಕೆಟ್ಟಿತ್ತು. ಡೆಲಿವರಿ ಹುಡುಗ ತುಂಬಾ ಒಳ್ಳೆಯವನು, ಮೂರನೇ ಮಹಡಿವರೆಗೂ ತಂದುಕೊಟ್ಟ. ಒಟ್ಟಿನಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಕಣ್ಣು ಮುಚ್ಚಿ ತಗೊಳ್ಳಿ.

ನಂಬರ್ ಹಾಕುತ್ತಾ ಹೋದರೆ ಬಳಸಿ ಕಂಡ ಒಳ್ಳೆಯ ಸಂಗತಿಗಳು ಮೂರು: ಉದ್ದು ಉಬ್ಬುವುದು, ಹಿಟ್ಟು ಬಿಸಿಯಾಗದಿರುವುದು, ಸದ್ದು ಕಡಿಮೆ ಇರುವುದು. ಕೆಟ್ಟವೂ ಮೂರು: ನಾಲ್ಕು ಲೋಟಕ್ಕೆ ಡ್ರಮ್ ನಿಲ್ಲುವುದು, ಡ್ರಮ್ಮಿನ ಭಾರ, ಕಾಯಿ ತುರಿಯುವುದು ಮೂಲೆ ಸೇರಿದ್ದು. ‘ಮೂರು ಲೋಟಕ್ಕೆ ತೊಂದರೆ ಇಲ್ಲ’ ಎಂಬುದು ಬೇರೆ ಸಂಗತಿಯಲ್ಲ, ನಾಲ್ಕು ಲೋಟದ ದೂರಿಗೆ ಅಂಟಿಕೊಂಡ ಷರತ್ತು. ಅವೆರಡನ್ನೂ ಒಂದೇ ವಾಕ್ಯದಲ್ಲಿ ಇಡಬೇಕು. ಅತ್ತಿಗೆಯವರ ಮಿಕ್ಸಿ ಬೇರೆ ಯಂತ್ರ, ಬೇರೆ ಮನೆ. ಅದು ಹೋಗಬೇಕು.

ಈಗ ಬರೆದವರನ್ನು ಕೇಳಬೇಕಾದ ಪ್ರಶ್ನೆಗಳು. ಎಷ್ಟು ದಿನದಿಂದ, ವಾರಕ್ಕೆ ಎಷ್ಟು ಸಲ ಬಳಸುತ್ತಿದ್ದೀರಿ? ಕಾಯಿ ತುರಿಯುವುದನ್ನು ಯಾಕೆ ಬಿಟ್ಟಿರಿ? ಲೋಟ ಎಷ್ಟು ದೊಡ್ಡದು? ನಾಲ್ಕು ಲೋಟ ಹಾಕಿದಾಗಲೂ ನೀರು ಎಂದಿನ ಹದಕ್ಕೇ ಇತ್ತಾ? ಕೊನೆಯದನ್ನು ಕೇಳಲು ಕಾರಣವಿದೆ. ನೀರು ಸಾಲದೆ ಹಿಟ್ಟು ಗಟ್ಟಿಯಾದರೆ ಗುಂಡುಗಳಿಗೆ ತಡೆ ಹೆಚ್ಚಾಗಿ ಬೆಲ್ಟ್ ಜಾರುತ್ತದೆ, ಆಗ ಮೂರು ಲೋಟಕ್ಕೂ ನಿಲ್ಲಬಹುದು. ನೀರು ಸರಿಯಾಗಿತ್ತು ಎಂದಾದರೆ ದೂರು ಯಂತ್ರದ್ದೇ. ನಮ್ಮ ಮಾದರಿಯಲ್ಲಿ ಉತ್ತರ ಹೀಗೆ ಬಂತು ಎಂದುಕೊಳ್ಳಿ: ಎಂಟು ತಿಂಗಳು, ವಾರಕ್ಕೆ ಎರಡು ಸಲ, ನೀರು ಎಂದಿನಂತೆಯೇ ಇತ್ತು, ಕಾಯಿಯ ಜತೆ ಕಂದು ಸಿಪ್ಪೆಯೂ ಕೆರೆದು ಬರುತ್ತಿತ್ತು. ಲೋಟ 200 ಮಿಲಿಲೀಟರಿನದು, ಅಂದರೆ ಲೋಟಕ್ಕೆ ಸುಮಾರು 170 ಗ್ರಾಂ ಅಕ್ಕಿ. ಇಷ್ಟಾದ ಮೇಲೆ:

> ಎಂಟು ತಿಂಗಳಿಂದ ವಾರಕ್ಕೆ ಎರಡು ಸಲ ಬಳಸ್ತಿದ್ದೀವಿ. ಒಂದು ಲೋಟ ಉದ್ದು ಅರ್ಧ ಗಂಟೆಗೆ ಹತ್ತಿ ಥರ ಉಬ್ಬುತ್ತೆ, ಹಿಟ್ಟು ಬಿಸಿ ಆಗಲ್ಲ. ಸದ್ದು ಮಿಕ್ಸಿಯಷ್ಟಿಲ್ಲ, ಪಕ್ಕದಲ್ಲೇ ನಿಂತು ಫೋನಲ್ಲಿ ಮಾತಾಡಬಹುದು. ಅಕ್ಕಿ ಮೂರು ಲೋಟದವರೆಗೆ (ಸುಮಾರು ಅರ್ಧ ಕೆಜಿ) ಸಲೀಸು. ನಾಲ್ಕು ಲೋಟ ಹಾಕಿದ್ರೆ ಡ್ರಮ್ ನಿಂತು ರಬ್ಬರ್ ಸುಟ್ಟ ವಾಸನೆ ಬರುತ್ತೆ. ಗುಂಡು ತೆಗೆದ ಮೇಲೂ ಡ್ರಮ್ ಭಾರ, ನಮ್ಮಮ್ಮನಿಗೆ ಎತ್ತೋಕಾಗಲ್ಲ. ಕಾಯಿ ತುರಿಯೋದು ಕಂದು ಸಿಪ್ಪೆನೂ ಕೆರೆಯುತ್ತೆ, ಒಂದೇ ಸಲ ಬಳಸಿ ಬಿಟ್ವಿ. ಒಟ್ಟಿನಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

70 ಪದವೂ ಇಲ್ಲ. ಆರೂ ಸಂಗತಿಗಳು ಉಳಿದಿವೆ, ಕರಡಿನಲ್ಲಿ ಇಲ್ಲದಿದ್ದ ಬಳಕೆಯ ಅವಧಿಯೂ ಸೇರಿದೆ. ಚಪಾತಿ ಹಿಟ್ಟು ಕಲಸಿ ನೋಡಿದ ಬಗ್ಗೆ ಅವರು ಏನೂ ಹೇಳದ ಕಾರಣ ಅದರ ಹೆಸರನ್ನೇ ಎತ್ತಿಲ್ಲ. ‘ಕಣ್ಣು ಮುಚ್ಚಿ ತಗೊಳ್ಳಿ’ ಹೋಗಿದೆ, ಯಾಕೆಂದರೆ ಡ್ರಮ್ ಎತ್ತಲಾಗದ ತಾಯಿಯ ಬಗ್ಗೆ ಬರೆದವರೇ ಆ ಮಾತನ್ನು ಸುಳ್ಳು ಮಾಡಿದ್ದಾರೆ. ‘ದುಡ್ಡಿಗೆ ಮೋಸ ಇಲ್ಲ’ ಅವರ ತೀರ್ಪು, ಅದನ್ನು ಕಸಿಯುವ ಹಕ್ಕು ನಮಗಿಲ್ಲ.

‘ಸೂಪರ್’, ‘ವೇಸ್ಟ್’ ಅಂತ ಬರೆದಿರ್ತಾರೆ. ಅದನ್ನು ಏನು ಮಾಡೋದು?

ಆ ಪದದ ಹಿಂದೆ ಅದೇ ರಿವ್ಯೂವಿನಲ್ಲಿ ಸಂಗತಿ ಇದೆಯಾ ನೋಡಿ. ಮೇಲಿನ ಮಾದರಿಯಲ್ಲಿ ‘ಸೂಪರ್ ಆಗಿ ರುಬ್ಬುತ್ತೆ’ ಎಂಬುದಕ್ಕೆ ಅರ್ಧ ಗಂಟೆ, ಹತ್ತಿಯಂತೆ ಉಬ್ಬುವುದು ಎಂಬ ಆಧಾರ ಇತ್ತು. ಆಧಾರ ಉಳಿದರೆ ‘ಸೂಪರ್’ ಬೇಕಿಲ್ಲ. ಆಧಾರ ಎಲ್ಲಿಯೂ ಇಲ್ಲದಿದ್ದರೆ ಬರೆದವರನ್ನು ಕೇಳಿ. ಕೇಳಲು ದಾರಿ ಇಲ್ಲದಿದ್ದರೆ ಪದವನ್ನು ಹಾಗೆಯೇ ಬಿಡಿ ಅಥವಾ ವಾಕ್ಯವನ್ನೇ ತೆಗೆಯಿರಿ. ‘ವೇಸ್ಟ್’ ಎಂಬುದನ್ನು ‘ಅಷ್ಟೇನೂ ತೃಪ್ತಿಕರವಲ್ಲ’ ಎಂದು ಮೃದು ಮಾಡುವುದು ಕತ್ತರಿಸುವುದಲ್ಲ, ಬೇರೆಯವರ ಬಾಯಲ್ಲಿ ನಿಮ್ಮ ಮಾತು ತುರುಕುವುದು.

ಒಳ್ಳೆಯದು ಐದಿದೆ, ಕೆಟ್ಟದ್ದು ಒಂದೇ. ಸಮ ಮಾಡಬೇಕಾ?

ಬೇಡ. ‘ಎರಡೂ ಉಳಿಯಬೇಕು’ ಎಂದರೆ ಎರಡೂ ಅಷ್ಟಷ್ಟೇ ಇರಬೇಕು ಎಂದಲ್ಲ. ಐದಕ್ಕೊಂದು ಇದ್ದದ್ದನ್ನು ಎರಡಕ್ಕೆರಡು ಮಾಡಿದರೆ ಒಳ್ಳೆಯ ಯಂತ್ರ ಸಾಧಾರಣವಾಗಿ ಕಾಣುತ್ತದೆ. ಅದೂ ಸುಳ್ಳೇ.

ತೂಕ ಹಾಕಲು ಎರಡು ಪ್ರಶ್ನೆ ಸಾಕು: ಇದು ಎಷ್ಟು ಸಲ ಎದುರಾಗುತ್ತದೆ, ಎದುರಾದಾಗ ಎಷ್ಟು ಕೆಲಸ ಕೆಡಿಸುತ್ತದೆ? ಡ್ರಮ್ಮಿನ ಭಾರ ರುಬ್ಬಿದಾಗಲೆಲ್ಲ ಎದುರಾಗುತ್ತದೆ, ಅದಕ್ಕೆ ಒಂದು ಪೂರ್ತಿ ವಾಕ್ಯ. ಕಾಯಿ ತುರಿಯುವುದು ಬೇಡವೆಂದು ಮೂಲೆಗಿಟ್ಟರೆ ಮುಗಿಯಿತು, ಜಾಗ ಸಾಲದಿದ್ದರೆ ಮೊದಲು ಹೋಗಬೇಕಾದ್ದು ಅದು. ಜತೆಗೆ ಅಷ್ಟೇ ಹಗುರವಾದ ಒಂದು ಒಳ್ಳೆಯದನ್ನೂ ತೆಗೆಯಿರಿ.

ಸುರಕ್ಷತೆಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಡ್ರಮ್ ಮುಟ್ಟಿದರೆ ಶಾಕ್ ಹೊಡೆಯಿತು, ವೈರಿನಿಂದ ಹೊಗೆ ಬಂತು ಎಂದು ಯಾರಾದರೂ ಬರೆದಿದ್ದರೆ, ಒಂದೇ ಸಲ ಆಗಿದ್ದರೂ, ಹತ್ತು ಒಳ್ಳೆಯ ಸಂಗತಿಗಳ ನಡುವೆ ಇದ್ದರೂ, ಅದು ಉಳಿಯಬೇಕು. ಮೊದಲ ವಾಕ್ಯದಲ್ಲೇ ಬರಲಿ.

ಕತ್ತರಿಸಿದ ಮೇಲೆ ಅರ್ಥವೇ ಬದಲಾಗಿದೆ ಅಂತ ಬರೆದವರು ಜಗಳಕ್ಕೆ ಬಂದರು. ಒಂದು ಪದವನ್ನೂ ಸೇರಿಸಿಲ್ಲ, ಹೇಗೆ?

ಬಹುಶಃ ಷರತ್ತು ಹೋಗಿದೆ. ‘ನಾಲ್ಕು ಲೋಟ ಅಕ್ಕಿ ಒಟ್ಟಿಗೆ ಹಾಕಿದ್ರೆ ಮಾತ್ರ ಡ್ರಮ್ ನಿಂತೇ ಹೋಗುತ್ತೆ’ ಎಂಬುದರಿಂದ ಮೊದಲ ಭಾಗ ತೆಗೆದರೆ ‘ಡ್ರಮ್ ನಿಂತೇ ಹೋಗುತ್ತೆ’ ಎಂದಾಗುತ್ತದೆ. ಒಂದು ಮಿತಿ ಇಡೀ ಯಂತ್ರದ ದೋಷವಾಯಿತು. ಹೊಗಳಿಕೆಗೂ ಹೀಗೇ ಆಗುತ್ತದೆ: ‘ಮೂರು ಲೋಟದವರೆಗೆ ಸಲೀಸು’ ಎಂಬುದು ‘ಸಲೀಸು’ ಎಂದಾದರೆ ಮದುವೆ ಮನೆಗೆ ಹಿಟ್ಟು ರುಬ್ಬಬೇಕಾದವರು ಮೋಸ ಹೋಗುತ್ತಾರೆ.

ಕನ್ನಡದಲ್ಲಿ ಷರತ್ತು ಅಡಗುವ ಜಾಗಗಳು ಗೊತ್ತಿರುವಂಥವೇ. ‘-ರೆ’, ‘-ವರೆಗೆ’, ‘-ಷ್ಟು’, ‘ಮಾತ್ರ’, ‘ಮೊದಮೊದಲು’, ‘ಈಗೀಗ’, ‘ಒಂದೊಂದು ಸಲ’. ಕತ್ತರಿಸುವ ಮುಂಚೆ ಇವುಗಳ ಅಡಿಯಲ್ಲಿ ಗೆರೆ ಎಳೆಯಿರಿ. ‘ಮೊದಮೊದಲು ವಾಸನೆ ಬರ್ತಿತ್ತು’ ಎನ್ನುವುದರಿಂದ ‘ಮೊದಮೊದಲು’ ಉದುರಿದರೆ, ಸರಿಹೋದ ತೊಂದರೆ ಇನ್ನೂ ಇದೆಯೇನೋ ಎಂಬ ಅನುಮಾನ ಹುಟ್ಟುತ್ತದೆ. ಜಾಗ ಉಳಿಸಬೇಕಾದರೆ ಇಡೀ ಸಂಗತಿಯನ್ನು ಬಿಡಿ; ಷರತ್ತನ್ನು ಕಿತ್ತು ಸಂಗತಿಯನ್ನು ಇಡಬೇಡಿ.

ವಾಕ್ಯಗಳ ಕ್ರಮವೂ ಅರ್ಥ ತಿರುಗಿಸಬಲ್ಲದು. ‘ಭಾರ ಇದೆ, ಆದರೆ ಚೆನ್ನಾಗಿ ರುಬ್ಬುತ್ತೆ’ ಎಂದರೆ ಕೊಳ್ಳಬಹುದು ಎಂಬ ದನಿ, ‘ಚೆನ್ನಾಗಿ ರುಬ್ಬುತ್ತೆ, ಆದರೆ ಭಾರ’ ಎಂದರೆ ಬೇಡ ಎಂಬ ದನಿ. ಬರೆದವರು ‘ಆದರೆ’ ಆದ ಮೇಲೆ ಏನನ್ನು ಇಟ್ಟಿದ್ದರೋ ಅದನ್ನೇ ಇಡಿ.

ಆಡುಮಾತಿನಲ್ಲಿ ಬರೆದದ್ದನ್ನು ಗ್ರಾಂಥಿಕ ಮಾಡಬೇಕಾ?

ಬೇಕಿಲ್ಲ. ‘ಎತ್ತೋಕಾಗಲ್ಲ’ ಇದ್ದದ್ದು ‘ಎತ್ತಲು ಸಾಧ್ಯವಾಗುವುದಿಲ್ಲ’ ಆದರೆ ಪದ ಹೆಚ್ಚಿತು, ಬಳಸಿದವರ ದನಿ ಹೋಯಿತು. ಧಾರವಾಡದ ಕಡೆಯವರೋ ಮಂಗಳೂರಿನವರೋ ತಮ್ಮ ರೀತಿಯಲ್ಲಿ ಬರೆದಿದ್ದರೆ ಹಾಗೆಯೇ ಇರಲಿ. ಅರ್ಥಕ್ಕೆ ಅಡ್ಡ ಬರುವ ಕಾಗುಣಿತದ ತಪ್ಪು ತಿದ್ದಿದರೆ ಸಾಕು.

## ಕಷ್ಟದ ಪ್ರಶ್ನೆಗಳು

ದೂರು ತಪ್ಪು ಬಳಕೆಯಿಂದ ಬಂದಿದ್ದು ಅಂತ ಗೊತ್ತಾದರೆ ತೆಗೆದುಬಿಡಲಾ?

ತೆಗೆಯುವ ಮುಂಚೆ, ಅದು ಕಾಣುವಷ್ಟು ಸರಳವೇ ಎಂದು ನೋಡಿ. ‘ಮೊದಲ ದಿನದ ಇಡ್ಲಿಯಲ್ಲಿ ಮರಳು ಸಿಕ್ಕ ಹಾಗಾಯ್ತು’ ಎಂಬ ದೂರು ಹೊಸ ಗ್ರೈಂಡರಿಗೆ ಬರುವಂಥದ್ದು. ಗುಂಡು, ಡ್ರಮ್ಮಿನ ತಳದ ಕಲ್ಲು ಎರಡೂ ಹೊಸದಾಗಿ ಕೊರೆದವು, ಅವುಗಳ ಪುಡಿ ಮೊದಲ ರುಬ್ಬಿನಲ್ಲಿ ಬರುತ್ತದೆ. ಅದಕ್ಕೇ ಮೊದಲು ಒಂದು ಹಿಡಿ ಅಕ್ಕಿಯನ್ನೋ ಹೊಟ್ಟನ್ನೋ ನೀರು ಹಾಕಿ ರುಬ್ಬಿ ಚೆಲ್ಲಬೇಕು. ಪುಡಿ ಕಾಣದಾಗುವವರೆಗೆ ಮತ್ತೆ ಮತ್ತೆ ಮಾಡಬೇಕು. ಗೊತ್ತಿಲ್ಲದವರು ನೇರ ಇಡ್ಲಿಗೇ ರುಬ್ಬುತ್ತಾರೆ.

ಹಾಗಿದ್ದರೆ ದೂರು ಸುಳ್ಳೇ? ಅಲ್ಲ. ಕೈಪಿಡಿಯಲ್ಲಿ ಈ ಮಾತು ಇಲ್ಲದಿದ್ದರೆ ತಪ್ಪು ಕಂಪನಿಯದ್ದು. ಇದ್ದರೂ, ಮುಂದೆ ಕೊಳ್ಳುವವರಿಗೆ ಇದು ಉಪಯೋಗದ ಸುದ್ದಿ. ಬರೆದವರನ್ನು ‘ಎರಡನೇ ಸಲವೂ ಹಾಗೇ ಆಯ್ತಾ?’ ಎಂದು ಕೇಳಿ. ಆಗಲಿಲ್ಲ ಎಂದರೆ ಅವರ ಒಪ್ಪಿಗೆಯಿಂದಲೇ ‘ಮೊದಲ ಸಲ ಕಲ್ಲಿನ ಪುಡಿ ಬಂತು, ಆಮೇಲೆ ಬರಲಿಲ್ಲ’ ಎಂದು ಬರೆಯಬಹುದು. ಹಲವು ಸಲ ರುಬ್ಬಿದ ಮೇಲೂ ಬರುತ್ತಿದೆ ಎಂದರೆ ಕಲ್ಲಿನ ಗುಣಮಟ್ಟದ ಮೇಲೇ ಅನುಮಾನ, ಆಗ ಅದು ಭಾರವಾದ ದೂರು. ನಿಮ್ಮ ವಿವರಣೆಯನ್ನು ಅವರ ರಿವ್ಯೂವಿನೊಳಗೆ ಸೇರಿಸಬೇಡಿ. ಹೇಳಲೇಬೇಕಿದ್ದರೆ ಕೆಳಗೆ ‘ಸಂಪಾದಕರ ಟಿಪ್ಪಣಿ’ ಎಂದು ಬೇರೆಯಾಗಿ ಹಾಕಿ.

ಡೆಲಿವರಿ, ಸರ್ವೀಸ್ ಬಗ್ಗೆ ಬರೆದದ್ದು ವಸ್ತುವಿನ ರಿವ್ಯೂನಲ್ಲಿ ಇರಬೇಕಾ?

ಡೆಲಿವರಿ ತಡವಾದದ್ದು, ಹುಡುಗ ಒಳ್ಳೆಯವನಾಗಿದ್ದದ್ದು ಮಾರಿದವರಿಗೋ ಕೊರಿಯರಿನವರಿಗೋ ಸೇರಿದ್ದು. ಅದೇ ಗ್ರೈಂಡರನ್ನು ಇನ್ನೊಬ್ಬರು ಬೇರೆ ಅಂಗಡಿಯಿಂದ ತಂದರೆ ಆ ಮಾತು ನಿಲ್ಲುವುದಿಲ್ಲ. ತೆಗೆಯಬಹುದು. ಸಾಗಿಸುವಾಗ ಗುಂಡು ಒಡೆದು ಬಂದಿದ್ದರೆ ಮಾತ್ರ ಇಡಿ. ಬಾಗಿಲಲ್ಲೇ ತೆರೆದು ನೋಡಬೇಕು ಎಂಬುದು ಕೊಳ್ಳುವವರಿಗೆ ತಿಳಿಯುತ್ತದೆ.

ಸರ್ವೀಸ್ ಹಾಗಲ್ಲ. ವಾರಂಟಿಯನ್ನೂ ಸೇರಿಸಿಯೇ ಜನ ದುಡ್ಡು ಕೊಟ್ಟಿರುತ್ತಾರೆ. ‘ಬೆಲ್ಟ್ ಬದಲಿಸಲು ಹೇಳಿ ಮೂರು ವಾರ ಆಯ್ತು, ಯಾರೂ ಬರಲಿಲ್ಲ’ ಎಂಬುದು ವಸ್ತುವಿನದೇ ದೋಷ. ಯಾವ ಊರು ಎಂಬುದನ್ನು ತಪ್ಪದೆ ಉಳಿಸಿ, ಬೆಂಗಳೂರಿನಲ್ಲಿ ಸಿಗುವ ಸರ್ವೀಸ್ ಸಿಂಧನೂರಿನಲ್ಲೂ ಸಿಗುತ್ತದೆ ಎಂದೇನಿಲ್ಲ. ಸರ್ವೀಸ್ ಸೆಂಟರಿನ ಹುಡುಗನ ಹೆಸರು, ಫೋನ್ ನಂಬರ್ ಇದ್ದರೆ ಅದನ್ನು ತೆಗೆಯಿರಿ.

ಕಂಪನಿಯವರು ಪುಕ್ಕಟೆ ಕೊಟ್ಟ ಗ್ರೈಂಡರ್. ‘ಉಚಿತವಾಗಿ ಸಿಕ್ಕಿತು’ ಅನ್ನೋ ವಾಕ್ಯಕ್ಕೆ ಜಾಗ ಇಲ್ಲ, ಬಿಡಬಹುದಾ?

ಬಿಡಬಾರದು. ಬೇರೆಲ್ಲ ಹೋದರೂ ಉಳಿಯಬೇಕಾದ ವಾಕ್ಯ ಅದು. ಭಾರತದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವಸ್ತುವನ್ನು ಮೆಚ್ಚಿ ಹೇಳುವವರಿಗೂ ಅದನ್ನು ಮಾರುವವರಿಗೂ ಇರುವ ಸಂಬಂಧ ಆ ಮಾತಿನ ನಂಬಿಕೆಯ ಮೇಲೆ ಪರಿಣಾಮ ಬೀರುವಂತಿದ್ದರೆ ಅದನ್ನು ಬಹಿರಂಗಪಡಿಸಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕರ ಆನ್‌ಲೈನ್ ರಿವ್ಯೂಗಳ ಸಂಗ್ರಹ, ಪರಿಶೀಲನೆ, ಪ್ರಕಟಣೆಗೆಂದೇ IS 19000:2022 ಎಂಬ ಮಾನಕ ತಂದಿತು. ರಿವ್ಯೂಗಳನ್ನು ನಿಯಮಿತವಾಗಿ ಹಾಕುವ ಸೈಟಿನವರು ಅದನ್ನು ಒಮ್ಮೆ ಓದಿಕೊಳ್ಳಬೇಕು.

‘ಕಂಪನಿ ಉಚಿತವಾಗಿ ಕೊಟ್ಟದ್ದು’ ಎಂದರೆ ಮೂರೇ ಪದ. ಮೊದಲ ವಾಕ್ಯದ ಮುಂಚೆ ಹಾಕಿ, ಕೊನೆಗೆ ಹಾಕಿದರೆ ‘ಇನ್ನಷ್ಟು ಓದಿ’ ಎಂಬುದರ ಕೆಳಗೆ ಹೂತುಹೋಗುತ್ತದೆ.

ಸ್ಟಾರ್ ಒಂದು ಹೇಳುತ್ತೆ, ಬರಹ ಇನ್ನೊಂದು. ಸ್ಟಾರ್ ತಿದ್ದಲಾ?

ಸ್ಟಾರ್ ಮುಟ್ಟಬೇಡಿ, ಅದು ಬರೆದವರದು. ಐದು ಸ್ಟಾರ್ ಕೊಟ್ಟು ಬರೀ ದೂರು ಬರೆದಿದ್ದರೆ ಅವರು ಹೇಳದೇ ಬಿಟ್ಟ ಒಳ್ಳೆಯ ಸಂಗತಿ ಯಾವುದೋ ಇದೆ, ಕೇಳಿ. ಕತ್ತರಿಸುವ ಮುಂಚೆ ಹೊಂದಿಕೊಂಡಿದ್ದ ಸ್ಟಾರ್ ಮತ್ತು ಬರಹ ಆಮೇಲೆ ಹೊಂದುತ್ತಿಲ್ಲ ಎಂದರೆ ನಿಮ್ಮ ಕತ್ತರಿ ಎಲ್ಲೋ ತಪ್ಪಿದೆ.

ಸರಿಯಾಗಿ ಕತ್ತರಿಸಿದ್ದೀನಾ ಅಂತ ಗೊತ್ತಾಗೋದು ಹೇಗೆ?

ಮೊದಲು ನಂಬರಿನ ಹಾಳೆ ತೆಗೆದು ಒಂದೊಂದನ್ನೇ ಹೊಸ ರಿವ್ಯೂವಿನಲ್ಲಿ ಹುಡುಕಿ. ಇಲ್ಲದ ನಂಬರಿಗೆಲ್ಲ ಯಾಕೆ ಇಲ್ಲ ಎಂದು ಚುಟುಕಾಗಿ ಕಾರಣ ಬರೆಯಲು ಆಗಬೇಕು: ಬಾಕ್ಸಿನದು, ಕೇಳಿದ್ದು, ಎರಡು ಸಲ ಬಂದದ್ದು, ಹಗುರ. ಕಾರಣ ಹೊಳೆಯದಿದ್ದರೆ ಅದನ್ನು ವಾಪಸ್ ಸೇರಿಸಿ.

ಆಮೇಲೆ ಎರಡು ರೂಪಗಳನ್ನೂ ಓದಿರದ ಇಬ್ಬರನ್ನು ಹಿಡಿಯಿರಿ. ಒಬ್ಬರಿಗೆ ಉದ್ದದ್ದು, ಇನ್ನೊಬ್ಬರಿಗೆ ಚಿಕ್ಕದ್ದು ಕೊಟ್ಟು ಒಂದೇ ಪ್ರಶ್ನೆ ಕೇಳಿ: ಇದನ್ನು ಯಾರು ಕೊಳ್ಳಬೇಕು, ಯಾರು ಕೊಳ್ಳಬಾರದು? ನಮ್ಮ ಮಾದರಿಯಲ್ಲಿ ಇಬ್ಬರೂ ‘ನಾಲ್ಕು ಜನರ ಮನೆಗೆ ಸರಿ, ದೊಡ್ಡ ಸಂಸಾರಕ್ಕೂ ಒಬ್ಬರೇ ಇರುವ ವಯಸ್ಸಾದವರಿಗೂ ಬೇಡ’ ಎನ್ನುವ ಅರ್ಥದಲ್ಲಿ ಹೇಳಬೇಕು. ಚಿಕ್ಕದ್ದನ್ನು ಓದಿದವರು ‘ಎಲ್ಲರೂ ಕೊಳ್ಳಬಹುದು’ ಎಂದರೆ ದೂರಿನ ಷರತ್ತೋ ಭಾರದ ಮಾತೋ ಎಲ್ಲೋ ಬಿದ್ದುಹೋಗಿದೆ.

ಕೊನೆಗೆ ಬರೆದವರಿಗೇ ಕಳಿಸಿ. ‘ಚೆನ್ನಾಗಿದೆಯಾ?’ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ‘ನೀವು ಹೇಳಿದ್ದರಲ್ಲಿ ಯಾವುದು ಬಿಟ್ಟುಹೋಗಿದೆ, ಯಾವುದು ಜೋರಾಗಿದೆ?’ ಎಂದು ಕೇಳಿ, ಅವರ ಉತ್ತರ ಬರುವವರೆಗೆ ಪ್ರಕಟಿಸಬೇಡಿ.